ಸಾಮೆ ಯಾವುದು, ಊದಲು ಯಾವುದು? – ಊರ ಹೆಸರು, ಪುಸ್ತಕದ ಹೆಸರು, ಲ್ಯಾಟಿನ್ ಹೆಸರು

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಕೆಲವು ವರ್ಷಗಳ ಹಿಂದೆ ಬಯಲುಸೀಮೆಯ ರೈತರೊಬ್ಬರು ಬುಡಸಮೇತ ಕಿತ್ತ ಎರಡು ಪೈರುಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ನನ್ನಲ್ಲಿಗೆ ಬಂದರು. ಉತ್ತರ ಭಾರತದಲ್ಲಿ ಕೆಲಸದಲ್ಲಿದ್ದ ಅವರ ಸಂಬಂಧಿಕರೊಬ್ಬರು 4 ಕಿಲೋ ಬೀಜ ತಂದುಕೊಟ್ಟಿದ್ದರು. ಚೀಲದ ಮೇಲೆ 'ಸಾಮಾ' ಎಂದು ಬರೆದಿತ್ತು. ಸಾಮೆಯೇ ಇರಬೇಕೆಂದು ನಂಬಿ ಇವರು ಒಂದು ಎಕರೆಗೆ ಬಿತ್ತಿದರು. ತೆನೆ ಬಂದಾಗ ಮಾತ್ರ ಅದು ಊರಿನ ಸಾಮೆಯಂತಿರಲಿಲ್ಲ. ಸಾಮೆ ಕೊಳ್ಳುತ್ತೇನೆಂದು ಒಪ್ಪಿದ್ದ ವ್ಯಾಪಾರಿ ಬಂದು ನೋಡಿ, ಇದು ನನಗೆ ಬೇಡವೆಂದು ಹೊರಟುಹೋದರು. "ಸಾರ್, ಬೀಜ ಕೊಟ್ಟವರು ಮೋಸ ಮಾಡಿದ್ದಾರೆ" ಎಂಬುದು ರೈತರ ದೂರು.

ಪೈರನ್ನು ನೋಡಿದೆ. ಅದು ಊದಲು. ಆದರೆ ಬೀಜ ಕೊಟ್ಟವರು ಮೋಸ ಮಾಡಿರಲಿಲ್ಲ. ಹಿಂದಿ ಮಾತನಾಡುವ ಕಡೆ ಸಾಮಾ, ಸಾವಾ ಎಂದರೆ ಊದಲು. ನಮ್ಮ ಸಾಮೆಯನ್ನು ಅಲ್ಲಿ ಕುಟ್ಕಿ ಎನ್ನುತ್ತಾರೆ. ಸಾಮೆ, ಸಾವಾ ಎರಡೂ ಸಂಸ್ಕೃತದ ಶ್ಯಾಮಾಕ ಎಂಬ ಹಳೆಯ ಹೆಸರಿನಿಂದ ಬಂದವು ಎನ್ನುತ್ತಾರೆ. ಒಂದೇ ಹೆಸರು ಎರಡು ನಾಡುಗಳಲ್ಲಿ ಎರಡು ಧಾನ್ಯಗಳ ಮೇಲೆ ಹೋಗಿ ಕುಳಿತಿದೆ. ನಮ್ಮಲ್ಲೇ ಉತ್ತರ ಕರ್ನಾಟಕದವರು ಸಾಮೆಗೆ ಸಾವಿ ಎನ್ನುವುದನ್ನು ನೆನೆದರೆ, ಈ ಗೊಂದಲ ಎಷ್ಟು ಸುಲಭವೆಂದು ತಿಳಿಯುತ್ತದೆ.

ಇಂಥ ಕಡೆ ಲ್ಯಾಟಿನ್ ಹೆಸರು ಉಪಯೋಗಕ್ಕೆ ಬರುತ್ತದೆ. ಸಾಮೆ ಪ್ಯಾನಿಕಂ ಸುಮಾತ್ರೆನ್ಸೆ. ಊದಲು ಎಕೈನೊಕ್ಲೋವಾ ಫ್ರುಮೆಂಟೇಸಿಯ. ಮೊದಲ ಪದ ಮನೆತನದ ಹೆಸರಿದ್ದಂತೆ, ಎರಡನೆಯದು ಆ ಮನೆಯ ಒಬ್ಬರ ಹೆಸರಿದ್ದಂತೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ತನ್ನ ಗ್ರಂಥದಲ್ಲಿ ಗಿಡಗಳಿಗೆಲ್ಲ ಹೀಗೆ ಎರಡು ಪದಗಳ ಹೆಸರು ಕೊಟ್ಟನು. ಆ ಚೀಲದ ಮೇಲೆ ಈ ಎರಡು ಪದಗಳಿದ್ದಿದ್ದರೆ ಒಂದು ಎಕರೆಯ ಬೆಳೆಗೆ ಗಿರಾಕಿ ತಪ್ಪುತ್ತಿರಲಿಲ್ಲ.

ಚೀಲದ ಮೇಲೆ ಬರೆಯದಿದ್ದರೆ ಪೈರನ್ನೇ ಕೇಳಬೇಕು. ತೆನೆ ಬರುವವರೆಗೆ ಕಾಯಬೇಕಾಗಿಲ್ಲ. ಎಲೆಯ ಕೆಳಭಾಗವು ಕಾಂಡವನ್ನು ಒರೆಯಂತೆ ಸುತ್ತಿಕೊಂಡಿರುತ್ತದೆ. ಈ ಒರೆಯೂ ಎಲೆಯ ಅಲಗೂ ಸೇರುವ ಜಾಗದಲ್ಲಿ ಎಲೆಯನ್ನು ಮೆಲ್ಲನೆ ಹಿಂದಕ್ಕೆ ಬಾಗಿಸಿ ಒಳಬದಿಯನ್ನು ನೋಡಿರಿ. ಸಾಮೆಯಲ್ಲಿ ಅಲ್ಲಿ ಸಣ್ಣ ಕೂದಲುಗಳ ಅಂಚು ಕಾಣುತ್ತದೆ. ಊದಲಿನಲ್ಲಿ ಏನೂ ಇರುವುದಿಲ್ಲ, ಜಾಗ ನುಣುಪಾಗಿರುತ್ತದೆ. ಭತ್ತದ ಗದ್ದೆಯಲ್ಲಿ ಊದಲಿನ ಜಾತಿಯ ಕಳೆಯನ್ನು ಗುರುತಿಸುವುದೂ ಇದೇ ಗುರುತಿನಿಂದ: ಭತ್ತದಲ್ಲಿ ಆ ಜಾಗದಲ್ಲಿ ಉದ್ದನೆಯ ತೆಳು ಪೊರೆ ಇರುತ್ತದೆ, ಕಳೆಯಲ್ಲಿ ಇರುವುದಿಲ್ಲ. ತೆನೆ ಬಂದ ಮೇಲಂತೂ ಸಂಶಯವೇ ಬೇಡ. ಸಾಮೆಯ ತೆನೆ ಬಿಡಿಬಿಡಿಯಾಗಿ ಹರಡಿ ಬಾಗುತ್ತದೆ. ಊದಲಿನ ತೆನೆ ಒತ್ತಾಗಿ ಗಟ್ಟಿಯಾಗಿರುತ್ತದೆ.

ಹಾಗೆಂದು ಲ್ಯಾಟಿನ್ ಹೆಸರನ್ನು ಕಣ್ಣು ಮುಚ್ಚಿ ನಂಬಬಾರದು. ಅದೂ ಬದಲಾಗುತ್ತದೆ. ಹಳೆಯ ಕೃಷಿ ಪುಸ್ತಕಗಳಲ್ಲಿ ಸಾಮೆಯ ಹೆಸರು ಪ್ಯಾನಿಕಂ ಮಿಲಿಯೇರ್ ಎಂದಿದೆ. ಇಲ್ಲೇ ಇನ್ನೊಂದು ಹಳ್ಳವಿದೆ. ಪ್ಯಾನಿಕಂ ಮಿಲಿಯೇಸಿಯಂ ಎಂಬುದು ಸಾಮೆಯಲ್ಲ, ಬರಗು. ಮಿಲಿಯೇರ್, ಮಿಲಿಯೇಸಿಯಂ ಎಂಬ ಎರಡು ಪದಗಳನ್ನು ಅವಸರದಲ್ಲಿ ಅದಲುಬದಲು ಮಾಡಿದರೆ ಸಾಮೆಗೆ ಬದಲು ಬರಗಿನ ಬೀಜ ಬಂದೀತು. ಮನೆತನ ಒಂದೇ ಆದ್ದರಿಂದ ಎಲೆಯ ಬುಡದ ಕೂದಲು ಇಲ್ಲಿ ನೆರವಿಗೆ ಬಾರದು, ಎರಡರಲ್ಲೂ ಇರುತ್ತದೆ. ಬರಗಿನ ಎಲೆಯೊರೆಯ ಮೇಲೆ ಕೈಯಾಡಿಸಿದರೆ ಕೂದಲು ತಾಗುತ್ತದೆ. ಸಾಮೆ ಬಹುಮಟ್ಟಿಗೆ ನುಣುಪು. ಬರಗಿನ ಕಾಳು ಸಾಮೆಯ ಕಾಳಿಗಿಂತ ದಪ್ಪ.

ಇನ್ನೊಂದು ಮಾತು. ಲ್ಯಾಟಿನ್ ಹೆಸರಿನ ಅರ್ಥದಿಂದ ಗಿಡದ ಊರನ್ನು ನಿರ್ಧರಿಸಬಾರದು. ಸಾಮೆಯ ಹೆಸರಿನಲ್ಲಿ ಸುಮಾತ್ರಾ ದ್ವೀಪವಿದೆ. ಆದರೆ ಅದು ಭಾರತದಲ್ಲೇ ಕೃಷಿಗೆ ಬಂದ ಧಾನ್ಯ. ಲ್ಯಾಟಿನ್ ಹೆಸರು ಗುರುತಿನ ಚೀಟಿ ಮಾತ್ರ, ಜಾತಕವಲ್ಲ.

ಲ್ಯಾಟಿನ್ ಎಂದೊಡನೆ ಅದು ಪೂರ್ತಿ ಪರದೇಶದ ಮಾತೆಂದು ಹಲವರು ಹಿಂಜರಿಯುತ್ತಾರೆ. ನಿಮ್ಮ ಹೊಲದ ಬದುವಿನ ಹೊಂಗೆಯನ್ನೇ ನೋಡಿ. ಹಳಗನ್ನಡದ ಪಾಲು ಹಾಲಾಯಿತು, ಪಾವು ಹಾವಾಯಿತು. ಹಾಗೆಯೇ ಪೊಂಗೆ ಹೊಂಗೆಯಾಯಿತು. ಮಲಯಾಳದಲ್ಲಿ ಅದೇ ಮರಕ್ಕೆ ಪೊಂಗಂ ಎಂಬ ಹೆಸರಿತ್ತು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡೆ ಅಲ್ಲಿನ ವೈದ್ಯರಿಂದ ಗಿಡಗಳ ಹೆಸರು, ಗುಣಗಳನ್ನು ಕೇಳಿ ಬರೆಸಿದನು. ಅದು 'ಹೋರ್ಟಸ್ ಮಲಬಾರಿಕಸ್' ಎಂಬ ಹೆಸರಿನಲ್ಲಿ 1678ರಿಂದ 1693ರವರೆಗೆ 12 ಸಂಪುಟಗಳಾಗಿ ಹೊರಬಂತು. ಪೊಂಗಂ ಆ ಗ್ರಂಥದಲ್ಲಿದೆ. ಮುಂದೆ ಸಸ್ಯಶಾಸ್ತ್ರಜ್ಞರು ಅದನ್ನೇ ತಿದ್ದಿ ಪೊಂಗಾಮಿಯ ಎಂದರು. ಬಸಳೆಯ ಲ್ಯಾಟಿನ್ ಹೆಸರು ಬಸೆಲ್ಲ. ಅದೂ ಇದೇ ದಾರಿಯಲ್ಲಿ ಹೋದದ್ದು. ಹೀಗೆ ನಮ್ಮ ನಾಲಿಗೆಯಿಂದ ಬಿಟ್ಟುಹೋದ 'ಪ'ಕಾರವನ್ನು ಲ್ಯಾಟಿನ್ ಪುಸ್ತಕ ಉಳಿಸಿಕೊಂಡಿದೆ.

ಹಕ್ಕಿಗಳ ವಿಷಯದಲ್ಲೂ ಇದೇ ಮಾತು. ನಾವು ಬಿಳಿಯ ಕೊಕ್ಕರೆಗಳನ್ನೆಲ್ಲ ಬೆಳ್ಳಕ್ಕಿ ಎನ್ನುತ್ತೇವೆ. ಇವುಗಳಲ್ಲಿ ಎರಡನ್ನು ಬೇರ್ಪಡಿಸಿ ತಿಳಿಯಬೇಕು. ನೇಗಿಲ ಹಿಂದೆ, ದನಗಳ ಕಾಲ ಬಳಿ ನಡೆಯುತ್ತ ಮಿಡತೆ ಹಿಡಿಯುವ ಹಕ್ಕಿಗೆ ಹಳದಿ ಕೊಕ್ಕು. ಕೆರೆಯಂಚಿನಲ್ಲಿ ಮೀನು, ಕಪ್ಪೆಗೆ ಹೊಂಚುವ ಹಕ್ಕಿಗೆ ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಬೆರಳು. ಮೊದಲನೆಯದನ್ನು ಕನ್ನಡ ಪುಸ್ತಕಗಳು ಗೋವಕ್ಕಿ ಎನ್ನುತ್ತವೆ. ಬಹುಕಾಲದಿಂದ ಅದಕ್ಕಿರುವ ಲ್ಯಾಟಿನ್ ಹೆಸರು ಬ್ಯುಬಲ್ಕಸ್. ದನ ಕಾಯುವವನು ಎಂದು ಅದರ ಅರ್ಥ. ಎರಡು ಭಾಷೆಗಳೂ ಹಕ್ಕಿಯ ಒಂದೇ ನಡತೆಯನ್ನು ಕಂಡು ಹೆಸರಿಟ್ಟಿವೆ. ಆದರೆ "ಬೆಳ್ಳಕ್ಕಿ ನನ್ನ ಮೀನು ತಿನ್ನುತ್ತದೆ" ಎಂದು ಮೀನು ಸಾಕುವವರು ಹೇಳಿದಾಗ ಕೊಕ್ಕಿನ ಬಣ್ಣ ಕೇಳದಿದ್ದರೆ, ಮಿಡತೆ ತಿನ್ನುವ ಹಕ್ಕಿಯ ಮೇಲೆ ತಪ್ಪು ಹೊರಿಸಿದಂತಾಗುತ್ತದೆ.

ಕೊನೆಯದಾಗಿ, ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ವಿನಂತಿ. ರೈತರು ತಂದ ಗಿಡಕ್ಕೆ ಲ್ಯಾಟಿನ್ ಹೆಸರನ್ನು ಊಹಿಸಿ ಬರೆಯಬೇಡಿ, ಅವರ ಊರ ಹೆಸರನ್ನು ತಿದ್ದಲೂ ಬೇಡಿ. ಬೇರು, ಎಲೆ, ತೆನೆ ಅಥವಾ ಹೂ ಇರುವ ಇಡೀ ಗಿಡವನ್ನು ಹಳೆಯ ಪತ್ರಿಕೆಯ ನಡುವೆ ಒತ್ತಿ ಒಣಗಿಸಿರಿ. ಜೊತೆಗಿನ ಚೀಟಿಯಲ್ಲಿ ಊರು, ತಾಲ್ಲೂಕು, ತಾರೀಖು ಮತ್ತು ಆ ಊರಿನವರು ಕರೆಯುವ ಹೆಸರನ್ನು ಅವರ ಉಚ್ಚಾರದಲ್ಲೇ ಬರೆದು ಕಳುಹಿಸಿರಿ. ಲ್ಯಾಟಿನ್ ಹೆಸರು ಸೇರಿಸುವುದು ನಮ್ಮ ಕೆಲಸ.

ಆ ರೈತರು ಮಾರನೆಯ ವರ್ಷ ಬೀಜಕ್ಕೆ ಕಾಗದ ಬರೆಯುವಾಗ 'ಸಾಮೆ' ಎಂದು ಬರೆದು, ಪಕ್ಕದಲ್ಲಿ ಪ್ಯಾನಿಕಂ ಸುಮಾತ್ರೆನ್ಸೆ ಎಂದೂ ಬರೆದರು. ಬಂದದ್ದು ಸಾಮೆಯೇ. ಹಿಂದಿನ ವರ್ಷದ ಊದಲನ್ನು ಮನೆಯಲ್ಲಿ ಅನ್ನ ಮಾಡಿ ಉಂಡರೆಂದು ಹೇಳಿದರು.