ಒಂದು ಫೋಟೊ, ಒಂದು ಕೋಲು, ಈಜುಕೊಳದ ಲೆಕ್ಕ

ನಾನು ಧಾರವಾಡದವನು, ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ಕೆಲಸ ಸಾಫ್ಟ್‌ವೇರ್. ಆದ್ರೆ ಇವತ್ತು ಹೇಳೋದು ನಮ್ಮ ಸೊಸೈಟಿಯ ಸ್ವಿಮ್ಮಿಂಗ್ ಪೂಲ್ ಕಥೆ.

ಹೋದ ಬೇಸಿಗೆಯಲ್ಲಿ ಮಕ್ಕಳೆಲ್ಲ ಪೂಲ್‌ನಿಂದ ಕಣ್ಣು ಕೆಂಪಗೆ ಮಾಡ್ಕೊಂಡು ಬರ್ತಿದ್ರು, ನನ್ನ ಮಗಳೂ ಸೇರಿ. ಕಿಟ್‌ನಲ್ಲಿ ನೋಡಿದ್ರೆ ಕ್ಲೋರಿನ್ ಲೀಟರಿಗೆ 5 ಮಿಲಿಗ್ರಾಂ. ಅದು 1ರಿಂದ 3ರ ಒಳಗೆ ಇರಬೇಕು. ಪೂಲ್ ನೋಡ್ಕೊಳ್ಳೋ ದಾದಾನ್ನ ಕೆಲಸದಿಂದ ತೆಗೀಬೇಕು ಅಂತ ಕಮಿಟಿಯಲ್ಲಿ ಮಾತು ಬಂತು. ದಾದಾ ಹೇಳಿದ್ದು ಇಷ್ಟೇ: "ಪಂಪ್ ರೂಮಿನ ಬೋರ್ಡ್ ಮೇಲೆ 1,50,000 ಲೀಟರ್ ಅಂತ ಬರೆದಿದೆ ಸಾಹೇಬ್. ಆ ಲೆಕ್ಕಕ್ಕೇ ಪುಡಿ ತೂಗಿ ಹಾಕ್ತೀನಿ."

ಆಗ ನಾನು ಊರಲ್ಲಿದ್ದೆ. ಮೂಲೆಯಲ್ಲಿ ನಿಂತು ಇಡೀ ಪೂಲ್ ಕಾಣೋ ಹಾಗೆ ಒಂದು ಫೋಟೊ ಕಳಿಸೋಕೆ ದಾದಾಗೆ ಹೇಳಿದೆ.

ಫೋಟೊದಲ್ಲಿ ಸ್ಕೇಲ್ ಇಟ್ಟು ಅಳೆಯೋಕೆ ಹೋಗಬೇಡಿ. ದೂರದ್ದು ಚಿಕ್ಕದಾಗಿ ಕಾಣುತ್ತೆ, ಲೆಕ್ಕ ತಪ್ಪುತ್ತೆ. ಅಳೆಯೋ ಬದಲು ಎಣಿಸಬೇಕು. ಅಂಚಿನ ಕಲ್ಲು ಎಷ್ಟೇ ಚಿಕ್ಕದಾಗಿ ಕಂಡರೂ ಅದು ಒಂದೇ ಕಲ್ಲು. ನಮ್ಮಲ್ಲಿ ಉದ್ದಕ್ಕೆ 25, ಅಗಲಕ್ಕೆ 10 ಕಲ್ಲು. ಒಂದು ಕಲ್ಲನ್ನ ಸಂದಿಯಿಂದ ಸಂದಿಗೆ ಟೇಪ್ ಹಿಡಿದು ನೋಡಿದಾಗ ದಾದಾಗೆ 60 ಸೆಂಟಿಮೀಟರ್ ಬಂತು. ಅಂದ್ರೆ ಉದ್ದ 15 ಮೀಟರ್, ಅಗಲ 6 ಮೀಟರ್.

ಆಳವನ್ನ ಮಾತ್ರ ಕಣ್ಣಳತೆಯಲ್ಲಿ ಹೇಳೋಕೇ ಆಗಲ್ಲ. ನೀರಲ್ಲಿ ಬೆಳಕು ಬಾಗೋದ್ರಿಂದ, ಮೇಲಿಂದ ನೇರವಾಗಿ ನೋಡಿದ್ರೂ ತಳ ನಿಜವಾದ ಆಳದ ಮುಕ್ಕಾಲು ಭಾಗದಲ್ಲೇ ಇದ್ದ ಹಾಗೆ ಕಾಣುತ್ತೆ. ಅದಕ್ಕೇ ಗೋಡೆಯ ಗುರುತು ಬೇಕು. ನಮ್ಮದರಲ್ಲಿ ಒಂದು ತುದಿಗೆ 0.9 ಮೀಟರ್, ಇನ್ನೊಂದಕ್ಕೆ 1.5 ಮೀಟರ್ ಅಂತ ಇತ್ತು. ಎರಡರ ಸರಾಸರಿ 1.2. ನಾನೂ ಮೊದಲು ಹಾಗೇ ಮಾಡಿದೆ: 15 × 6 × 1.2, ಅಂದ್ರೆ 108 ಘನ ಮೀಟರ್. ಒಂದು ಘನ ಮೀಟರ್‌ಗೆ 1,000 ಲೀಟರ್, ಹಾಗಾಗಿ 1,08,000 ಲೀಟರ್.

ಇದೂ ತಪ್ಪೇ. ತಳ ಒಂದೇ ಸಮ ಇಳೀತಾ ಹೋದರೆ ಮಾತ್ರ ಈ ಸರಾಸರಿ ಸರಿ. ಫೋಟೊ ಝೂಮ್ ಮಾಡಿದ್ರೆ ತಳದ ಟೈಲ್ಸ್ ಸಾಲು ಹದಿನೈದನೇ ಕಲ್ಲಿನ ಹತ್ತಿರ ಮುರಿದಿತ್ತು. ಅಂದ್ರೆ ಮೊದಲ 9 ಮೀಟರ್ ಸಮತಟ್ಟು, ಉಳಿದ 6 ಮೀಟರ್ ಮಾತ್ರ ಇಳಿಜಾರು. ದಾದಾ ನೀರಿಗಿಳಿದು ನಡೆದು ಹೌದು ಅಂದ್ರು. ಎರಡು ತುಂಡಾಗಿ ಮಾಡಿದ್ರೆ 9 × 6 × 0.9 ಅಂದ್ರೆ 48.6, ಮತ್ತೆ 6 × 6 × 1.2 ಅಂದ್ರೆ 43.2. ಒಟ್ಟು ಸುಮಾರು 92 ಘನ ಮೀಟರ್.

ಇನ್ನೊಂದು ಅನುಮಾನ ಉಳೀತು. ಗುರುತು ಬರೆದವರು ಆಳ ಅಳೆದಿದ್ದು ಅಂಚಿನಿಂದಲೋ, ನೀರಿನ ಮಟ್ಟದಿಂದಲೋ? 0.9 ಅಂತ ಬರೆದ ಜಾಗದಲ್ಲಿ ದಾದಾ ಕೋಲು ಇಳಿಸಿದ್ರು. ಒದ್ದೆ ಆಗಿದ್ದು 80 ಸೆಂಟಿಮೀಟರ್ ಮಾತ್ರ. ಇಡೀ ಕೊಳದಲ್ಲಿ 10 ಸೆಂಟಿಮೀಟರ್ ಕಡಿಮೆ ಅಂದ್ರೆ 90 ಚದರ ಮೀಟರ್‌ಗೆ 9 ಘನ ಮೀಟರ್ ಹೋಯ್ತು. ಉಳಿದದ್ದು 83,000 ಲೀಟರ್. ಬೋರ್ಡಿನ ಲೆಕ್ಕದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ!

ಈಗ ಪುಡಿಯ ಲೆಕ್ಕ. ಲೀಟರಿಗೆ 1 ಮಿಲಿಗ್ರಾಂ ಅಂದ್ರೆ ಘನ ಮೀಟರ್‌ಗೆ 1 ಗ್ರಾಂ. ಕ್ಲೋರಿನ್ 2 ಮಿಲಿಗ್ರಾಂ ಏರಿಸೋಕೆ 83 × 2 = 166 ಗ್ರಾಂ ಬೇಕು. ಆದ್ರೆ ನಮ್ಮ ಡಬ್ಬಿಯ ಕ್ಯಾಲ್ಸಿಯಂ ಹೈಪೋಕ್ಲೋರೈಟ್‌ನಲ್ಲಿ ಕ್ಲೋರಿನ್ ಶೇಕಡ 65 ಮಾತ್ರ. ಅದಕ್ಕೆ 166ನ್ನ 0.65ರಿಂದ ಭಾಗಿಸಬೇಕು: ಸುಮಾರು 255 ಗ್ರಾಂ. ದಾದಾ ಬೋರ್ಡ್ ನಂಬಿ ದಿನಾ ಹಾಕ್ತಿದ್ದದ್ದು 460 ಗ್ರಾಂ. ಅಂದ್ರೆ 2 ಏರಬೇಕಾದ ಕಡೆ 3.6 ಏರ್ತಿತ್ತು. ನಿನ್ನೆಯದು ಸ್ವಲ್ಪ ಉಳಿದಿದ್ರೆ 5 ಆಗೋದ್ರಲ್ಲಿ ಆಶ್ಚರ್ಯ ಏನಿಲ್ಲ. ಅದಕ್ಕೇ ಹೊಸದಾಗಿ ಹಾಕೋ ಮೊದಲು ಕಿಟ್‌ನಲ್ಲಿ ನೋಡಿ, ಎಷ್ಟು ಕಡಿಮೆ ಇದೆಯೋ ಅಷ್ಟಕ್ಕೆ ಮಾತ್ರ ಲೆಕ್ಕ ಹಾಕಬೇಕು. ಪುಡಿಯನ್ನ ಬಕೆಟ್ ನೀರಿಗೆ ಹಾಕಬೇಕು, ಪುಡಿ ಮೇಲೆ ನೀರು ಸುರಿಯಬಾರದು. ಆಸಿಡ್ ಅಥವಾ ಬೇರೆ ಥರದ ಕ್ಲೋರಿನ್ ಜೊತೆ ಎಂದೂ ಬೆರೆಸಬಾರದು.

ಕಮಿಟಿಯವರು ಫೋಟೊದ ಲೆಕ್ಕ ನಂಬಲಿಲ್ಲ. ಆ ವಾರ ನೀರು ಇಳಿದಿತ್ತು, 10,000 ಲೀಟರ್‌ನ ಟ್ಯಾಂಕರ್ ಬಂತು. ನಮ್ಮ ಉದ್ದ ಅಗಲ ಸರಿಯಿದ್ರೆ ಮಟ್ಟ 11 ಸೆಂಟಿಮೀಟರ್ ಏರಬೇಕು ಅಂತ ಮೊದಲೇ ಹೇಳಿದ್ದೆ. ಎಲ್ಲರ ಮುಂದೆ ದಾದಾ ಕೋಲು ಇಳಿಸಿದ್ರು: ಹನ್ನೊಂದು. ಟ್ಯಾಂಕರ್ ಇಂದ ಗೊತ್ತಾಗೋದು ಮೇಲ್ಮೈ ಮಾತ್ರ, ಆಳಕ್ಕೆ ಕೋಲೇ ಸಾಕ್ಷಿ.

ಬೋರ್ಡ್ ಅಳಿಸಿ 83,000 ಅಂತ ದಾದಾನೇ ಬರೆದ್ರು. ಈಗಲೂ ಪೂಲ್ ನೋಡ್ಕೊಳ್ಳೋದು ಅವರೇ.