ನಡುರಾತ್ರಿಯಲ್ಲಿ ಬರಿದಾಗುವ ಚೀಲ
(ಬಾನುಲಿ ಭಾಷಣ)

ಮೊಬೈಲ್ ರೀಚಾರ್ಜ್ ಅಂಗಡಿಗಳ ಮುಂದೆ ಬೆಳಗಿನ ಹೊತ್ತು ನಿಂತವರಿಗೆ ಒಂದು ಸಂಭಾಷಣೆ ಪರಿಚಿತವಾಗಿರಬೇಕು. "ರಾತ್ರಿ ಮಲಗುವಾಗ ಎಂಬತ್ತು ರೂಪಾಯಿ ಇತ್ತು. ಬೆಳಗ್ಗೆ ನೋಡಿದರೆ ಆರು ರೂಪಾಯಿ. ನಾನು ಯಾರಿಗೂ ಫೋನ್ ಮಾಡಲಿಲ್ಲವಲ್ಲ!" ಎಂದು ಗಿರಾಕಿ ಹೇಳುತ್ತಾನೆ. "ನೆಟ್ ಆನ್ ಇತ್ತೇನೋ ಸಾರ್" ಎಂದು ಅಂಗಡಿಯವನು ತಲೆಯೆತ್ತದೆ ಉತ್ತರಿಸುತ್ತಾನೆ. ಗಿರಾಕಿ ಸುಳ್ಳು ಹೇಳುತ್ತಿಲ್ಲ. ಅಂಗಡಿಯವನ ಮಾತೂ ಸುಳ್ಳಲ್ಲ. ಈ ಎರಡು ನಿಜಗಳ ನಡುವೆ ಹಣ ಎಲ್ಲಿ ಹೋಯಿತು ಎಂಬುದೇ ಈ ಹೊತ್ತಿನ ವಿಚಾರ.

ಮುಂಗಡ ಹಣ ಕಟ್ಟಿ ಬಳಸುವ ಫೋನಿಗೆ, ಅಂದರೆ ಪ್ರೀಪೇಯ್ಡ್ ಸಂಪರ್ಕಕ್ಕೆ, ಒಂದಲ್ಲ ಎರಡು ಚೀಲಗಳುಂಟು. ಮೊದಲನೆಯದು ಬಿಡಿ ಹಣದ ಚೀಲ. ಇದನ್ನು ಮೇನ್ ಬ್ಯಾಲೆನ್ಸ್ ಎನ್ನುತ್ತೇವೆ. ನಾವು ಟಾಪ್‌ಅಪ್ ಮಾಡಿಸಿದ ಹಣ ತೆರಿಗೆ ಮತ್ತು ಸಂಸ್ಕರಣಾ ಶುಲ್ಕ ಕಳೆದು ಇದರೊಳಗೆ ಬೀಳುತ್ತದೆ. ನೂರು ರೂಪಾಯಿ ಕೊಟ್ಟರೆ ಸಾಮಾನ್ಯವಾಗಿ ದಕ್ಕುವುದು 81 ರೂಪಾಯಿ 75 ಪೈಸೆ. ಎರಡನೆಯದು ಗುತ್ತಿಗೆಯ ಚೀಲ. ಇಷ್ಟು ದಿನ, ಇಷ್ಟು ಜಿ.ಬಿ. ಅಂತರಜಾಲ ಎಂದು ಒಟ್ಟಾಗಿ ಕೊಂಡ ಡೇಟಾ ಪ್ಯಾಕ್ ಅದು. ಈ ಚೀಲದಲ್ಲಿ ಹಣವಿಲ್ಲ, ಪ್ರಮಾಣವಿದೆ; ಆ ಪ್ರಮಾಣಕ್ಕೊಂದು ಆಯುಸ್ಸಿದೆ. ಆಯುಸ್ಸು ಮುಗಿದ ಗಳಿಗೆಯಲ್ಲಿ ಒಳಗೆ ಎಷ್ಟು ಉಳಿದಿದ್ದರೂ ಅದು ಇಲ್ಲವಾಗುತ್ತದೆ.

ಎರಡು ಚೀಲಗಳಿರುವುದರಲ್ಲಿ ತಪ್ಪೇನಿಲ್ಲ. ತೊಡಕಿರುವುದು, ಒಂದು ಚೀಲದಿಂದ ಇನ್ನೊಂದಕ್ಕೆ ಕೈ ಹೋಗುವ ರೀತಿಯಲ್ಲಿ. ನಮ್ಮ ಫೋನು ಜಾಲದೊಡನೆ ಸಂಪರ್ಕದಲ್ಲಿರುವಷ್ಟು ಹೊತ್ತೂ ಕಂಪನಿಯ ಲೆಕ್ಕಯಂತ್ರವೊಂದು ಹಿಂದೆ ಕುಳಿತಿರುತ್ತದೆ. ಅದು ಡೇಟಾವನ್ನು ಒಮ್ಮೆಲೇ ಬಿಡುವುದಿಲ್ಲ. ಸ್ವಲ್ಪಸ್ವಲ್ಪವಾಗಿ ಮಂಜೂರು ಮಾಡುತ್ತದೆ. ಮಂಜೂರಾದದ್ದು ಖರ್ಚಾದೊಡನೆ ಜಾಲವು ಮತ್ತಷ್ಟು ಕೇಳುತ್ತದೆ, ಲೆಕ್ಕಯಂತ್ರ ಮೊದಲು ಗುತ್ತಿಗೆಯ ಚೀಲವನ್ನು ನೋಡುತ್ತದೆ. ಅಲ್ಲಿ ಆಯುಸ್ಸು ತೀರಿದ್ದರೆ ಬಿಡಿ ಹಣದ ಚೀಲಕ್ಕೆ ಕೈ ಹಾಕುತ್ತದೆ. ಅಲ್ಲಿ ನಡೆಯುವುದು ಪ್ಯಾಕಿನ ದರವಲ್ಲ, ಪ್ಯಾಕಿಲ್ಲದವನ ದರ. ಇಷ್ಟೆಲ್ಲ ನಡೆದರೂ ಫೋನಿಗೆ ಏನೂ ಗೊತ್ತಾಗುವುದಿಲ್ಲ. ಫೋನಿಗೆ ತಿಳಿಯುವುದು ಸಂಪರ್ಕ ಇದೆಯೋ ಇಲ್ಲವೋ ಎಂಬುದು ಮಾತ್ರ. ಆ ಗಳಿಗೆಯ ಬೆಲೆ ಅದರ ಅರಿವಿಗೆ ಬರುವ ವಿಷಯವಲ್ಲ. ಬೆಲೆ ಬಲ್ಲ ಯಂತ್ರ ನಮ್ಮನ್ನು ಕೇಳುವುದಿಲ್ಲ. ನಮ್ಮ ಕೈಯಲ್ಲಿರುವ ಯಂತ್ರಕ್ಕೆ ಬೆಲೆ ಗೊತ್ತಿಲ್ಲ.

ನನಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳಬಹುದು. ಅವರಿಗೆ ಅಂತರಜಾಲದ ಹಂಬಲ ಕಡಿಮೆ. 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಎಂದರೆ ಟ್ರಾಯ್, ಮಾತು ಮತ್ತು ಸಂದೇಶಗಳಿಗಷ್ಟೇ ಸೀಮಿತವಾದ ಪ್ಯಾಕುಗಳನ್ನೂ ಕಂಪನಿಗಳು ಕೊಡಬೇಕೆಂದು ವಿಧಿಸಿತಲ್ಲವೇ, ಅಂಥದೊಂದನ್ನು ಅವರು ಹಾಕಿಸಿಕೊಂಡಿದ್ದರು. ವಿದೇಶದಲ್ಲಿರುವ ಮಗನಿಗೆ ಆಗೀಗ ಕರೆ ಮಾಡಲೆಂದು ನೂರು ರೂಪಾಯಿ ಟಾಪ್‌ಅಪ್ ಮಾಡಿಸಿದ್ದರು. ಚೀಲದಲ್ಲಿ 81 ರೂಪಾಯಿ 75 ಪೈಸೆ ಇತ್ತು. ಒಂದು ಸಂಜೆ ತಮ್ಮನ ಮಗಳ ಮದುವೆಯ ಆರತಕ್ಷತೆಯನ್ನು ವೀಡಿಯೋ ಕರೆಯಲ್ಲಿ ನೋಡಬೇಕಾಗಿ ಬಂದಾಗ, ಸುಮಾರು ಇಪ್ಪತ್ತು ರೂಪಾಯಿಗೆ ಒಂದು ದಿನದ, ಒಂದು ಜಿ.ಬಿ.ಯ ಪ್ಯಾಕನ್ನು ಏಳು ಗಂಟೆಗೆ ಕೊಂಡರು.

ಒಂದು ದಿನ ಎಂದರೆ ಎಷ್ಟು ಹೊತ್ತು? ನಾವು ನೀವು ನಾಳೆ ಸಂಜೆ ಏಳರವರೆಗೆ ಎಂದುಕೊಳ್ಳುತ್ತೇವೆ. ಆದರೆ ಇಂಥ ಪ್ಯಾಕುಗಳು ಬಹುಮಟ್ಟಿಗೆ ಆ ದಿನದ ನಡುರಾತ್ರಿಗೆ ಮುಗಿಯುತ್ತವೆ. ಪಂಚಾಂಗದ ದಿನ ಸೂರ್ಯೋದಯಕ್ಕೆ ಹುಟ್ಟಿದರೆ, ಕಂಪನಿಯ ದಿನ ಹನ್ನೆರಡು ಗಂಟೆಗೆ ಸಾಯುತ್ತದೆ. ಮೇಷ್ಟ್ರು ಕೊಂಡದ್ದು ಐದು ಗಂಟೆಯ ಆಯುಸ್ಸಿನ ಸರಕು. ಕರೆಯಲ್ಲಿ ಮುನ್ನೂರು ಎಂ.ಬಿ. ಖರ್ಚಾಯಿತು. ಉಳಿದ ಏಳುನೂರು ಚಿಲ್ಲರೆ ಎಂ.ಬಿ. ನಡುರಾತ್ರಿಗೆ ಆವಿಯಾಯಿತು. ಅವರು ಫೋನನ್ನು ಚಾರ್ಜಿಗೆ ಹಾಕಿ ಮಲಗಿದ್ದರು. ಮೊಬೈಲ್ ಡೇಟಾದ ಗುಂಡಿ ತೆರೆದೇ ಇತ್ತು.

ಚಾರ್ಜಿಗೆ ಹಾಕಿದ ಫೋನು ಮಲಗುವುದಿಲ್ಲ. ಮನೆಗೆಲಸವನ್ನೆಲ್ಲ ರಾತ್ರಿಗೆ ಇಟ್ಟುಕೊಳ್ಳುವ ಸೊಸೆಯ ಹಾಗೆ ಅದು ಆ ಹೊತ್ತಿನಲ್ಲೇ ಆ್ಯಪ್‌ಗಳನ್ನು ನವೀಕರಿಸಿಕೊಳ್ಳುತ್ತದೆ, ಚಿತ್ರಗಳ ಪ್ರತಿಯನ್ನು ದೂರದ ಉಗ್ರಾಣಕ್ಕೆ ಕಳಿಸುತ್ತದೆ. ವೈಫೈ ಇದ್ದಾಗ ಮಾತ್ರ ಎಂಬ ಕಟ್ಟಳೆಯನ್ನು ಇಂಥ ಕೆಲಸಗಳಿಗೆ ವಿಧಿಸಬಹುದು. ಮೇಷ್ಟ್ರ ಮೊಮ್ಮಗ ಯಾವಾಗಲೋ ಅದನ್ನು 'ಯಾವ ಜಾಲವಾದರೂ ಸರಿ' ಎಂದು ಬದಲಿಸಿಬಿಟ್ಟಿದ್ದ. ಸಾಲದುದಕ್ಕೆ, ಮದುವೆಯ ಮನೆಯವರು ಕುಟುಂಬದ ವಾಟ್ಸಾಪ್ ಗುಂಪಿಗೆ ನೂರಾರು ಫೋಟೋ ಸುರಿಯುತ್ತಿದ್ದರು. ನವೀಕರಣ ಮತ್ತು ಚಿತ್ರರವಾನೆಗೆ 122 ಎಂ.ಬಿ., ಗುಂಪಿನ ಫೋಟೋಗಳಿಗೆ 28. ಒಟ್ಟು 150 ಎಂ.ಬಿ. ಅವರ ಕಂಪನಿಯಲ್ಲಿ ಪ್ಯಾಕಿಲ್ಲದವನ ದರ ಎಂ.ಬಿ.ಗೆ 50 ಪೈಸೆ. 75 ರೂಪಾಯಿ ಹೋಗಿ 6 ರೂಪಾಯಿ 75 ಪೈಸೆ ಉಳಿಯಿತು. ಬೆಳಗ್ಗೆ ಮಗನಿಗೆ ಮಾಡಿದ ಕರೆ ನಡುವೆಯೇ ಕಡಿದಾಗಲೇ ಅವರಿಗೆ ವಿಷಯ ಗೊತ್ತಾದದ್ದು.

ಐವತ್ತು ಪೈಸೆ ಕೇಳುವುದಕ್ಕೆ ಅಲ್ಪ. ಈಗಿನ ಕಾಲದಲ್ಲಿ ಆ ನಾಣ್ಯವನ್ನು ಅಂಗಡಿಯಲ್ಲಿ ಮುಟ್ಟುವವರೂ ಇಲ್ಲ. ಆದರೆ ಒಂದು ಜಿ.ಬಿ.ಯಲ್ಲಿ 1024 ಎಂ.ಬಿ. ಇವೆ, ಈ ದರದಲ್ಲಿ ಒಂದು ಜಿ.ಬಿ.ಗೆ 512 ರೂಪಾಯಿ. ಅದೇ ಸರಕನ್ನು ಅವರು ಹಿಂದಿನ ಸಂಜೆ ಇಪ್ಪತ್ತು ರೂಪಾಯಿಗೆ ಕೊಂಡಿದ್ದರು. ಹನ್ನೆರಡು ಗಂಟೆ ಹೊಡೆದೊಡನೆ ಅಕ್ಕಿಯ ಬೆಲೆ ಇಪ್ಪತ್ತೈದು ಪಟ್ಟಾಗುವ ಅಂಗಡಿ ನಮ್ಮೂರಿನಲ್ಲಿದ್ದರೆ ಅದರ ಮುಂದೆ ಜನ ಸುಮ್ಮನೆ ಸಾಲು ನಿಲ್ಲುತ್ತಿದ್ದರೇ? ಹಿಂದೆ ಇದು ಇನ್ನೂ ಕಟುವಾಗಿತ್ತೆಂಬುದನ್ನೂ ಹೇಳಬೇಕು. 2013ಕ್ಕೆ ಮುಂಚೆ ಹಲವು ಕಂಪನಿಗಳಲ್ಲಿ 10 ಕೆ.ಬಿ.ಗೆ 10 ಪೈಸೆಯ ದರವಿತ್ತು, ಒಂದು ಎಂ.ಬಿ.ಗೆ ಹತ್ತು ರೂಪಾಯಿಗೂ ಮೇಲಾಗುತ್ತಿತ್ತು. ಆಗ ಒಂದೇ ಒಂದು ಹಾಡು ಇಳಿಸಿಕೊಂಡವನ ಚೀಲ ಬರಿದಾಗಲು ಕೆಲವು ನಿಮಿಷ ಸಾಕಿತ್ತು.

ಸರ್ಕಾರ ಸುಮ್ಮನಿತ್ತೇ ಎಂದು ನೀವು ಕೇಳಬಹುದು. ಇರಲಿಲ್ಲ. ಟ್ರಾಯ್‌ನ ಗ್ರಾಹಕ ರಕ್ಷಣಾ ನಿಯಮಾವಳಿ 2012ರಲ್ಲಿ ಬಂತು; ಮುಂದಿನ ತಿದ್ದುಪಡಿಯೊಂದರ ಪ್ರಕಾರ ಗ್ರಾಹಕನ ಸ್ಪಷ್ಟ ಒಪ್ಪಿಗೆಯಿಲ್ಲದೆ ಅವನ ಸಂಪರ್ಕದಲ್ಲಿ ಡೇಟಾ ಸೇವೆಯನ್ನು ತೆರೆಯುವಂತಿಲ್ಲ. ಇದಕ್ಕಾಗಿ ಎಲ್ಲ ಕಂಪನಿಗಳಿಗೂ ಸಮಾನವಾದ, ಶುಲ್ಕವಿಲ್ಲದ 1925 ಎಂಬ ಸಂಖ್ಯೆ ಗೊತ್ತಾಯಿತು. ಪ್ಯಾಕಿನ ಪ್ರಮಾಣ ಅರ್ಧ ಮುಗಿದಾಗ, ನೂರಕ್ಕೆ ತೊಂಬತ್ತು ಮುಗಿದಾಗ, ಪೂರ್ತಿ ಮುಗಿದಾಗ ತಿಳಿಸಬೇಕೆಂಬ ವಿಧಿಯೂ ಬಂತು. ಒಳ್ಳೆಯದೇ. ಆದರೆ ಮೇಷ್ಟ್ರಿಗೆ ಈ ಎಚ್ಚರಿಕೆಗಳಲ್ಲಿ ಒಂದೂ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಅವರು ಬಳಸಿದ್ದು ಮೂರನೆಯ ಒಂದು ಭಾಗಕ್ಕೂ ಕಡಿಮೆ. ಅರ್ಧದ ಗಡಿಯನ್ನೇ ಮುಟ್ಟಲಿಲ್ಲ. ಪ್ರಮಾಣದ ಎಚ್ಚರಿಕೆ ಧಾರಾಳಿಯನ್ನು ಕಾಯುತ್ತದೆ, ಮಿತವ್ಯಯಿಯನ್ನಲ್ಲ. ಅವಧಿ ಮುಗಿಯುವುದನ್ನು ತಿಳಿಸುವ ಸಂದೇಶ ಬಂದರೂ ಅದು ಸಾಲದ ಆಮಿಷ, ಲಾಟರಿಯ ಆಮಿಷಗಳ ರಾಶಿಯಲ್ಲಿ ಮುಳುಗಿರುತ್ತದೆ.

ಒಪ್ಪಿಗೆಯ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಒಪ್ಪಿಗೆ ಕೇಳುವುದು ಬಾಗಿಲು ತೆರೆಯುವಾಗ. ಅಗ್ಗದ ಕೋಣೆಯಿಂದ ದುಬಾರಿಯ ಕೋಣೆಗೆ ದಾಟಿಸುವಾಗ ಯಾರೂ ಕೇಳುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಇದೇ ಸಂಕಟಕ್ಕೆ ಜನ ಬೀದಿಗಿಳಿದು ದೂರಿದ ಮೇಲೆ, 2019ರಲ್ಲಿ ಜಾರಿಗೆ ಬಂದ ನಿಯಮ ಆ ಎರಡನೆಯ ಹೊಸ್ತಿಲಿನಲ್ಲೇ ಕಾವಲು ನಿಲ್ಲಿಸಿತು: ಪ್ಯಾಕಿನ ಡೇಟಾ ಮುಗಿದ ಮೇಲೆ ಗ್ರಾಹಕ ಮುಂಚಿತವಾಗಿ ಒಪ್ಪಿದ್ದರೆ ಮಾತ್ರ ಹೊರದರ ಹಾಕಬೇಕು. ಕಾವಲು ಇರಬೇಕಾದ ಜಾಗ ಅದೇ ಎಂಬುದು ನನ್ನ ಅಭಿಪ್ರಾಯ.

ಹಣ ಹೋದದ್ದು ಹೀಗೆಯೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ಕಳೆದ ಮೊತ್ತದ ಮುಖ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಐದು, ಹತ್ತು, ಮೂವತ್ತು ಎಂದು ದುಂಡಾದ ಮೊತ್ತ ಒಂದೇ ಏಟಿಗೆ ಹೋಗಿದ್ದರೆ ಅದು ಬಹುಶಃ ಕಾಲರ್ ಟ್ಯೂನ್ ಮುಂತಾದ ಹೆಚ್ಚುವರಿ ಸೇವೆಯ ಶುಲ್ಕ. ಅದನ್ನು ನಿಲ್ಲಿಸಲು 155223 ಎಂಬ ಬೇರೆ ಸಂಖ್ಯೆಯೇ ಇದೆ. ಚಿಲ್ಲರೆ ಚಿಲ್ಲರೆಯಾಗಿ, ಕರೆಯಿಲ್ಲದ ಹೊತ್ತಿನಲ್ಲಿ ಸೋರಿದ್ದರೆ ಡೇಟಾ. ಆಗ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯಾವ ಆ್ಯಪ್ ಎಷ್ಟು ಡೇಟಾ ಬಳಸಿತೆಂಬ ಪಟ್ಟಿಯನ್ನು ತೆಗೆದು, ಎಂ.ಬಿ.ಯನ್ನು ದರದಿಂದ ಗುಣಿಸಿ ನೋಡಬೇಕು. ಮೇಷ್ಟ್ರ ಫೋನಿನಲ್ಲಿ ಗುಣಾಕಾರ ಸರಿಹೊಂದಿತು. ಹೊಂದದಿದ್ದರೆ 198ಕ್ಕೆ ಕರೆ ಮಾಡಿ ದೂರು ಕೊಟ್ಟು ಅದರ ಡಾಕೆಟ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಪರಿಹಾರ ತೃಪ್ತಿಕರವಾಗದಿದ್ದರೆ ಮೂವತ್ತು ದಿನಗಳೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ವಿವರವಾದ ಲೆಕ್ಕಪಟ್ಟಿಯನ್ನು ಪ್ರೀಪೇಯ್ಡ್ ಗ್ರಾಹಕನೂ ಕೇಳಿ ಪಡೆಯಬಹುದು. ಅದಕ್ಕೆ ಐವತ್ತು ರೂಪಾಯಿಯವರೆಗೆ ಶುಲ್ಕ ಹಾಕಬಹುದೆಂದು ನಿಯಮವಿದೆ. ಎಪ್ಪತ್ತೈದು ರೂಪಾಯಿ ಹೇಗೆ ಕಳೆಯಿತೆಂದು ತಿಳಿಯಲು ಐವತ್ತು ರೂಪಾಯಿ ತೆರುವ ಉತ್ಸಾಹ ಎಷ್ಟು ಮಂದಿಗಿದ್ದೀತು!

ಇನ್ನು ತಡೆಯುವ ಬಗೆ. ಅಂತರಜಾಲ ಬೇಡವೇ ಬೇಡ ಎನ್ನುವವರು 1925ಕ್ಕೆ STOP ಎಂದು ಸಂದೇಶ ಕಳಿಸಿದರೆ ಡೇಟಾ ಸೇವೆ ಕಂಪನಿಯ ಕಡೆಯಿಂದಲೇ ಮುಚ್ಚುತ್ತದೆ. ಬೇಕಾದಾಗ START ಎಂದು ಕಳಿಸಬೇಕು; ಮುಚ್ಚಿದಾಗ ಪ್ಯಾಕ್ ಕೊಂಡರೂ ಉಪಯೋಗವಿಲ್ಲ ಎಂಬುದು ನೆನಪಿರಲಿ. ಆಗಾಗ ಬಳಸುವವರಿಗೆ ಪ್ಯಾಕ್ ಮುಗಿಯುವ ರಾತ್ರಿ ಮಲಗುವ ಮುನ್ನ ಮೊಬೈಲ್ ಡೇಟಾದ ಗುಂಡಿಯನ್ನು ಮುಚ್ಚುವುದೇ ಸುಲಭ. ಬಿಡಿ ಹಣದ ಚೀಲದಲ್ಲಿ ಆಯಾ ಕೆಲಸಕ್ಕೆ ಬೇಕಾದಷ್ಟನ್ನೇ ಇಡುವುದೂ ಒಳಿತು, ಏಕೆಂದರೆ ಪ್ರೀಪೇಯ್ಡ್‌ನಲ್ಲಿ ನಷ್ಟದ ಮಿತಿ ಚೀಲದ ಆಳವೇ. ಫೋನಿನಲ್ಲೇ ಡೇಟಾಕ್ಕೊಂದು ಮಿತಿ ಕಟ್ಟುವ ಸೌಕರ್ಯವೂ ಇದೆ. ಆದರೆ ಅದು ಸಾಮಾನ್ಯವಾಗಿ ತಿಂಗಳ ತಾರೀಖನ್ನು ಹಿಡಿದು ಎಣಿಸುತ್ತದೆ. ನಮ್ಮ ಪ್ಯಾಕುಗಳಲ್ಲಿ ಬಹುಪಾಲು 28 ದಿನದವು, ವರ್ಷಕ್ಕೆ ಹದಿಮೂರು ಸಲ ಬರುವಂಥವು. ಫೋನಿನ ತಿಂಗಳಿಗೂ ಪ್ಯಾಕಿನ ತಿಂಗಳಿಗೂ ಪ್ರತಿ ಸಲ ಎರಡು ಮೂರು ದಿನದ ಅಂತರ ಬೀಳುತ್ತ ಹೋಗುವುದರಿಂದ, ಆ ಮಿತಿಯನ್ನು ನಂಬಿದವರು ಪ್ಯಾಕ್ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿಕೊಳ್ಳಬೇಕಾಗುತ್ತದೆ.