ಪದರಗಳಾಚೆಗೆ ಉಳಿಯುವ ಲಯ



ಅಂತರಜಾಲದಲ್ಲಿ ಸಾಗುವ ಪ್ರತಿಯೊಂದು ಪ್ಯಾಕೆಟ್ಟೂ ತನ್ನೊಳಗಿನ ಮಾತನ್ನು ಗೂಢಲಿಪಿಯಲ್ಲಿ ಎಷ್ಟೇ ಭದ್ರವಾಗಿ ಅಡಗಿಸಿಕೊಂಡಿದ್ದರೂ, ತಾನು ಹೊರಟ ಠಾವನ್ನೂ ಸೇರಬೇಕಾದ ಠಾವನ್ನೂ ಹಣೆಯ ಮೇಲೆ ಬರೆದುಕೊಂಡೇ ಹೋಗುತ್ತದೆ. ಈ ಎರಡು ವಿಳಾಸಗಳೂ ಒಬ್ಬನೇ ನೋಡುಗನ ಕಣ್ಣಿಗೆ ಒಟ್ಟಿಗೆ ಬೀಳದಂತೆ ಮಾಡುವುದೆಂತು ಎಂಬ ಪ್ರಶ್ನೆಗೆ, 1990ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ನೌಕಾ ಸಂಶೋಧನಾಲಯದ ಪಾಲ್ ಸೈವರ್ಸನ್, ಮೈಕೇಲ್ ರೀಡ್, ಡೇವಿಡ್ ಗೋಲ್ಡ್‌ಷ್ಲಾಗ್ ಎಂಬ ಮೂವರು ಕಂಡುಕೊಂಡ ಉತ್ತರವೇ ಆನಿಯನ್ ರೂಟಿಂಗ್. ಅದರ ಇಂದಿನ ಸುಪ್ರಸಿದ್ಧ ರೂಪವೇ ಟಾರ್ ಜಾಲ.

ಇದರ ಕ್ರಮ ಸರಳವಾದುದು. ಬಳಕೆದಾರನ ಯಂತ್ರವು ಜಾಲದೊಳಗಿನ ಮೂರು ರಿಲೇಗಳನ್ನು ಆರಿಸಿಕೊಂಡು, ಒಂದೊಂದರೊಡನೆಯೂ ಬೇರೆಬೇರೆ ಕೀಲಿಯನ್ನು ಗೊತ್ತುಮಾಡಿಕೊಂಡು, ಕಳುಹಬೇಕಾದುದನ್ನು ಈರುಳ್ಳಿಯ ಪದರಗಳಂತೆ ಮೂರು ಸಲ ಸುತ್ತುತ್ತದೆ. ಗಾರ್ಡ್ ಎನಿಸಿದ ಮೊದಲನೆಯ ರಿಲೇ ಕಳುಹಿದವನನ್ನು ಬಲ್ಲದು, ಗಮ್ಯವನ್ನರಿಯದು. ಎಕ್ಸಿಟ್ ಎನಿಸಿದ ಕೊನೆಯದು ಗಮ್ಯವನ್ನು ಬಲ್ಲದು, ಕಳುಹಿದವನನ್ನರಿಯದು. ನಡುವಿನದು ಎರಡನ್ನೂ ಅರಿಯದು. ಗಾತ್ರದಿಂದ ಗುರುತು ಹತ್ತದಿರಲೆಂದು ಎಲ್ಲವನ್ನೂ ಸುಮಾರು 500 ಬೈಟುಗಳ ಸಮಗಾತ್ರದ ಸೆಲ್‌ಗಳಾಗಿ ಕತ್ತರಿಸಲಾಗುತ್ತದೆ. ಎಕ್ಸಿಟ್‌ನಿಂದಾಚೆಗೆ ಈ ಪದರಗಳಾವುವೂ ಇಲ್ಲವಾದ್ದರಿಂದ, ತಾಣವು ತಾನೇ ಗೂಢಲಿಪಿಯನ್ನು ಬಳಸದಿದ್ದರೆ ಅಲ್ಲಿ ಕುಳಿತವನು ಎಲ್ಲವನ್ನೂ ಓದಬಲ್ಲನೆಂಬುದನ್ನೂ ನೆನಪಿಡಬೇಕು.

ಆದರೆ ಈ ಪದರಗಳು ಮರೆಮಾಡದ ವಸ್ತುವೊಂದಿದೆ, ಅದು ಕಾಲ. ಒಬ್ಬನು ಒಂದು ಪುಟವನ್ನು ತೆರೆದನೆನ್ನಿ: ನಲವತ್ತು ಸೆಲ್‌ಗಳು ಒಮ್ಮೆಲೇ ನುಗ್ಗಿ, ಅರೆಕ್ಷಣ ಮೌನವಾಗಿ, ಬಳಿಕ ಇನ್ನೂರು ಸೆಲ್‌ಗಳು ಹರಿದು, ಮತ್ತೆ ಮೂರೇ ಮೂರು ಸೆಲ್‌ಗಳು ಬಂದು ನಿಲ್ಲುತ್ತವೆ. ಎಕ್ಸಿಟ್‌ನ ಬಳಿ ಕಂಡ ಈ ಲಯವೇ ಅಲ್ಪ ವಿಳಂಬದಿಂದ ಗಾರ್ಡ್‌ನ ಬಳಿಯೂ ಕಾಣುತ್ತದೆ. ಎರಡು ತುದಿಗಳನ್ನೂ ನೋಡಬಲ್ಲವನು ಒಂದು ಪದರವನ್ನಾದರೂ ಬಿಡಿಸದೆಯೇ ಎರಡು ಲಯಗಳನ್ನು ಹೋಲಿಸಿ, ಇವು ಒಂದೇ ಹರಿವಿನವು ಎಂದು ಬಲು ನೆಚ್ಚಿಕೆಯಿಂದ ಹೇಳಬಲ್ಲನು. ಡೇವಿಡ್ ಚಾಮ್ 1981ರಲ್ಲಿ ಸೂಚಿಸಿದ ಮಿಕ್ಸ್ ವ್ಯವಸ್ಥೆಯು ಸಂದೇಶಗಳನ್ನು ತಡೆದು, ಗುಂಪುಗೂಡಿಸಿ, ಕ್ರಮ ಕಲಸಿ ಬಿಡುತ್ತಿದ್ದುದು ಈ ಅಪಾಯವನ್ನು ತಡೆಯಲೆಂದೇ. ಟಾರ್‌ನ ಕರ್ತೃಗಳು ಆ ವಿಳಂಬವನ್ನು ತಿಳಿದೇ ಕೈಬಿಟ್ಟರು. ಇಡಿಯ ಜಾಲವನ್ನೇ ನೋಡಬಲ್ಲ ಎದುರಾಳಿಯಿಂದ ತಾವು ರಕ್ಷಿಸಲಾರೆವೆಂದು 2004ರ ಪ್ರಬಂಧದಲ್ಲಿ ಸ್ಪಷ್ಟವಾಗಿ ಒಪ್ಪಿಕೊಂಡರು. ಅವರ ಆಯ್ಕೆ ಸರಿಯಾದುದೆಂದೇ ನನ್ನ ಭಾವನೆ. ನಿಧಾನವಾದ ಜಾಲಕ್ಕೆ ಜನ ಬಾರರು, ಜನವಿಲ್ಲದೆಡೆ ಅಡಗಲು ಮರೆಯೂ ಇಲ್ಲ.

ಹಾಗಾದರೆ ಎರಡು ತುದಿಗಳೂ ಎದುರಾಳಿಯ ಕೈಗೆ ಸಿಕ್ಕುವ ಸಂಭವವೆಷ್ಟು? ಅವನ ವಶದಲ್ಲಿ ಗಾರ್ಡ್‌ಗಳ ಸಾಮರ್ಥ್ಯದ ಶೇಕಡಾ 5, ಎಕ್ಸಿಟ್‌ಗಳ ಸಾಮರ್ಥ್ಯದ ಶೇಕಡಾ 5 ಇದೆಯೆಂದಿಟ್ಟುಕೊಂಡರೆ, ಒಂದು ಸರ್ಕ್ಯೂಟ್ ಅವನಿಗೆ ಬಯಲಾಗುವ ಸಂಭವ 400ಕ್ಕೆ ಒಂದು. ಈ ಸಂಖ್ಯೆ ಅಲ್ಪವೆಂದು ತೋರಿದರೂ, ಹತ್ತು ನಿಮಿಷಕ್ಕೊಮ್ಮೆ ಮೂರು ರಿಲೇಗಳನ್ನೂ ಹೊಸದಾಗಿ ಆರಿಸುತ್ತ ಹೋದರೆ, ಮೂರು ದಿನ ತುಂಬುವ ಮೊದಲೇ 400 ಸರ್ಕ್ಯೂಟುಗಳಾಗಿ, ಒಮ್ಮೆಯಾದರೂ ಸಿಕ್ಕಿಬೀಳುವ ಸಂಭವ ಶೇಕಡಾ 63ಕ್ಕೆ ಏರುತ್ತದೆ. ಆದಕಾರಣವೇ ಟಾರ್ ಮೊದಲ ರಿಲೇಯನ್ನು ತಿಂಗಳುಗಟ್ಟಲೆ ಬದಲಿಸುವುದಿಲ್ಲ. ಆಗ 100ರಲ್ಲಿ 95 ಮಂದಿ ಆ ಅವಧಿಯಲ್ಲಿ ಈ ಎದುರಾಳಿಗೆ ಸಿಕ್ಕುವುದೇ ಇಲ್ಲ; ದುಷ್ಟ ಗಾರ್ಡ್ ಪಾಲಿಗೆ ಬಂದ ಐವರು ಮಾತ್ರ ಮತ್ತೆಮತ್ತೆ ಬಯಲಾಗುತ್ತಾರೆ. ಅಪಾಯವು ಇಲ್ಲಿ ನಾಶವಾಗುವುದಿಲ್ಲ. ಎಲ್ಲರಿಗೂ ಹಂಚಿಹೋಗುವುದನ್ನು ಬಿಟ್ಟು ಕೆಲವರಲ್ಲಿ ನೆಲೆನಿಲ್ಲುತ್ತದೆ.

ಇಷ್ಟೊಂದು ಗಣಿತವೂ ಬೇಡವಾದ ಸಂದರ್ಭಗಳುಂಟು. 2013ರ ಡಿಸೆಂಬರ್‌ನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಬಾಂಬಿನ ಬೆದರಿಕೆಯ ಮಿಂಚಂಚೆಗಳು ಬಂದವು. ಕಳುಹಿದ ವಿದ್ಯಾರ್ಥಿಯು ಟಾರ್ ಮೂಲಕ ತಾತ್ಕಾಲಿಕ ಅಂಚೆಯ ಸೇವೆಯೊಂದನ್ನು ಬಳಸಿದ್ದನು. ಟಾರ್‌ನ ಒಂದು ಕೀಲಿಯೂ ಮುರಿಯಲಿಲ್ಲ. ಅಂಚೆಯು ಟಾರ್‌ನಿಂದ ಬಂದುದೆಂದು ತಿಳಿಯಿತು. ಅದಕ್ಕೆ ಮುಂಚಿನ ಗಳಿಗೆಗಳಲ್ಲಿ ವಿಶ್ವವಿದ್ಯಾಲಯದ ವೈರ್‌ಲೆಸ್ ಜಾಲದಿಂದ ಟಾರ್‌ಗೆ ಹೋದವರಾರೆಂದು ಅಲ್ಲಿನ ದಾಖಲೆಗಳೇ ತೋರಿದವು. ವಿಚಾರಣೆಯಲ್ಲಿ ಅವನು ಒಪ್ಪಿಕೊಂಡನು. ಲಕ್ಷಾಂತರ ಮಂದಿ ಬಳಸುವ ಜಾಲವೂ ಆ ಬೆಳಗಿನಲ್ಲಿ, ಆ ಆವರಣದೊಳಗೆ, ಕೆಲವೇ ಮಂದಿಯ ಗುಂಪಾಗಿ ಕುಗ್ಗಿತ್ತು. ಬೆದರಿಸಿದವನು ಸಿಕ್ಕಿದುದು ಲೇಸೇ. ಆದರೆ ಇದೇ ವಿಧಾನವು ಕಚೇರಿಯೊಳಗಿನ ಅನ್ಯಾಯವನ್ನು ಅದೇ ಕಚೇರಿಯ ಜಾಲದಿಂದ ಪತ್ರಿಕೆಗೆ ತಿಳಿಸುವವನನ್ನೂ ಹಾಗೆಯೇ ಹಿಡಿದುಕೊಡುತ್ತದೆ.

ಕೊನೆಯದಾಗಿ ಒಂದು ವಿನಂತಿ. 2014ರ ಜನವರಿ 30ರಿಂದ ಜುಲೈ 4ರವರೆಗೆ, ಗಾರ್ಡ್ ಸಾಮರ್ಥ್ಯದ ಶೇಕಡಾ 6.4ರಷ್ಟಾಗುವ ಸುಮಾರು 115 ರಿಲೇಗಳನ್ನು ನಿಜಜಾಲಕ್ಕೆ ಸೇರಿಸಿ, ಸೆಲ್‌ಗಳಲ್ಲಿ ಗುರುತಿನ ಸಂಕೇತವನ್ನು ಹುದುಗಿಸಿ, ಗುಪ್ತಸೇವೆಗಳನ್ನು ಬಳಸುವವರನ್ನು ಪತ್ತೆಹಚ್ಚುವ ಯತ್ನ ನಡೆಯಿತು. ಅದರಿಂದ ಯಾರು ಯಾರು ಬಯಲಾದರೆಂಬುದು ಆ ಬಳಕೆದಾರರಿಗೆ ತಿಳಿಯುವಂತಿರಲಿಲ್ಲ. ಲಯಗಳನ್ನು ಹೋಲಿಸುವ ಪ್ರಯೋಗಗಳನ್ನು ಷ್ಯಾಡೋ ಮೊದಲಾದ ಅನುಕರಣ ತಂತ್ರಾಂಶಗಳಲ್ಲಿ ನಡೆಸಲು ಈಗ ಸಾಧ್ಯವಿರುವುದರಿಂದ, ಈ ಸಭೆಯ ಎರಡು ದಿನಗಳಲ್ಲಿ ಪ್ರಬಂಧ ಮಂಡಿಸುವ ಪ್ರತಿಯೊಬ್ಬರೂ ತಮ್ಮ ದತ್ತಾಂಶ ಅಲ್ಲಿಂದ ಬಂದುದೇ, ಜೀವಂತ ಜನರ ಸಂಚಾರದಿಂದ ಬಂದುದೇ ಎಂಬುದನ್ನು ಫಲಿತಾಂಶಕ್ಕಿಂತ ಮೊದಲು ಸಭೆಗೆ ತಿಳಿಸಬೇಕೆಂದು ಕೋರುತ್ತೇನೆ.